ಸಹಿಯಾಗಬಲ್ಲ ಪತ್ರ

ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯನಾಗಿ ಕೆಲಸಕ್ಕೆ ಹಾಜರಾದಾಗ ನನ್ನ ಪಾಲಿಗೆ ಬಂದದ್ದು ಒಂದು ಕುರ್ಚಿ ಮತ್ತು ಅರ್ಧ ಮೇಜು. ಉಳಿದರ್ಧ ಕಿವಿ, ಮೂಗು, ಗಂಟಲಿನ ಡಾಕ್ಟರದು. ನಡುವೆ ಒಂದು ಹಸಿರು ಪರದೆ. ಪರದೆಯ ಆಚೆ ಒಬ್ಬರು ಬಾಯಿ ತೆರೆದು 'ಆ' ಅನ್ನುತ್ತಿದ್ದರೆ, ಈಚೆ ಇನ್ನೊಬ್ಬರು ರಾತ್ರಿ ಯಾಕೆ ನಿದ್ದೆ ಬರುವುದಿಲ್ಲವೆಂದು ಹೇಳಬೇಕಿತ್ತು. ಬಾಗಿಲಲ್ಲಿ ಎರಡೂ ವಿಭಾಗದ ಸರದಿ ಒಂದೇ. ಕಿವಿ ಸೋರುವ ಮಗುವನ್ನು ಎತ್ತಿಕೊಂಡು ನಿಂತ ತಾಯಿ ಈಚೆಯ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳದೆ ಇರಲು ಅವಳಿಗೆ ಬೇರೆ ಜಾಗವೂ ಇರಲಿಲ್ಲ.

ಆಸ್ಪತ್ರೆಗೆ ನನ್ನ ಉಪಯೋಗ ಬಹುಮಟ್ಟಿಗೆ ಕಾಗದದ್ದಾಗಿತ್ತು. ವಾರದಲ್ಲೊಂದು ದಿನ ಅಂಗವೈಕಲ್ಯದ ಪ್ರಮಾಣಪತ್ರ. ಮಾನಸಿಕ ಕಾಯಿಲೆಯಿಂದ ಬಂದ ವೈಕಲ್ಯವನ್ನು ಅಳೆಯಲು ಒಂದು ಮಾಪಕವಿದೆ. ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ನಾಲ್ಕು ಜನರ ಜೊತೆ ಬೆರೆಯುವುದು, ಹೇಳಿದ್ದು ತಿಳಿದು ತಾನೂ ಹೇಳುವುದು, ಕೆಲಸ ಮಾಡುವುದು, ಈ ನಾಲ್ಕಕ್ಕೂ ಅಂಕ ಕೊಟ್ಟು, ಕಾಯಿಲೆ ಎಷ್ಟು ವರ್ಷದ್ದೆಂಬುದನ್ನು ಸೇರಿಸಿದರೆ ಶೇಕಡಾವಾರು ಸಿಗುತ್ತದೆ. 40 ಮುಟ್ಟಿದರೆ ಪ್ರಮಾಣಪತ್ರ. ಉಳಿದ ದಿನಗಳಲ್ಲಿ ಪೊಲೀಸರು ಕರೆತಂದವರು, ನ್ಯಾಯಾಲಯ ಕಳಿಸಿದವರು, ಬೇರೆ ವಾರ್ಡುಗಳಿಂದ 'ಸೈಕಿಯಾಟ್ರಿ ಒಪೀನಿಯನ್' ಎಂದು ಚೀಟಿ ಬರೆಸಿಕೊಂಡು ಬಂದವರು. ಇವೆಲ್ಲ ಮುಗಿದು ಸಮಯ ಉಳಿದರೆ ಚಿಕಿತ್ಸೆ.

ಮನಸ್ಸಿನ ಕಾಯಿಲೆಯಲ್ಲಿ ಮೊದಲ ಭೇಟಿಗಿಂತ ಎರಡನೆಯದು ದೊಡ್ಡದು. ಖಿನ್ನತೆಯ ಮಾತ್ರೆ ಗುಣ ತೋರಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಅದರ ಉಪದ್ರವಗಳಿಗೆ ಅಷ್ಟು ತಾಳ್ಮೆ ಇಲ್ಲ. ಬಾಯಿ ಒಣಗುವುದು, ಹೊಟ್ಟೆ ತೊಳಸುವುದು, ಮಂಪರು, ಇವು ಮೊದಲ ವಾರದಲ್ಲೇ ಬರುತ್ತವೆ. ಹೀಗಾಗಿ ಮನುಷ್ಯನಿಗೆ ಮೊದಲು ಸಿಗುವುದು ಮಾತ್ರೆಯ ಕಷ್ಟ, ಆಮೇಲೆ ಅದರ ಸುಖ. ಆ ನಡುವಿನ ಅವಧಿಯಲ್ಲಿ ಅವನು ಮತ್ತೆ ಬಂದು, ಅದೇ ಡಾಕ್ಟರನ್ನು ಕಂಡು, 'ಇದು ಹೀಗೇ ಇರುತ್ತದೆ, ಇನ್ನು ಹತ್ತು ದಿನ ತಡೆ' ಎಂಬ ಮಾತು ಕೇಳಬೇಕು. ಅವನು ಬಂದ ದಿನ ನಾನು ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದರೆ ಅವನ ಚಿಕಿತ್ಸೆ ಅಲ್ಲಿಗೆ ಮುಗಿಯಿತು. ನಿಗದಿತ ದಿನ, ನಿಗದಿತ ಕೋಣೆ, ಪರಿಚಿತ ಮುಖ, ಈ ಮೂರೂ ಕೂಡಿದರೆ ಮಾತ್ರ ಅದು ಕ್ಲಿನಿಕ್ಕು. ನನ್ನಲ್ಲಿ ಮೂರೂ ಇರಲಿಲ್ಲ.

ಅಂಥ ಕ್ಲಿನಿಕ್ಕು ಕೇಳುವುದೇನೂ ಕಂಡು ಕೇಳರಿಯದ ಬೇಡಿಕೆಯಲ್ಲ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲೇ ಬಂದಿತ್ತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಿದ್ದು ನಮ್ಮ ಬಳ್ಳಾರಿಯಲ್ಲಿ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಸುಮಾರು 20 ಲಕ್ಷ ಜನರಿದ್ದ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ನಾಲ್ಕಾರು ಬಗೆಯ ಔಷಧಿ ಪೂರೈಸಿ, ಸರಳ ದಾಖಲೆ ಇಡಿಸಿ, ಮಾನಸಿಕ ಆಸ್ಪತ್ರೆಯ ಗೋಡೆಯಾಚೆಗೂ ಈ ಕಾಯಿಲೆಗಳಿಗೆ ಚಿಕಿತ್ಸೆ ಸಾಧ್ಯವೆಂದು ತೋರಿಸಿದ್ದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ನಾಲ್ಕು ಜಿಲ್ಲೆಗಳಲ್ಲಿ ಶುರುವಾಯಿತು. ನಾನಿದ್ದ ಜಿಲ್ಲೆಗೆ ಅದರ ಹಣ ಇನ್ನೂ ತಲುಪಿರಲಿಲ್ಲ. ಮನೋವೈದ್ಯ ಮಾತ್ರ ತಲುಪಿದ್ದ.

ಆ ಕ್ಲಿನಿಕ್ಕು ಕೇಳಿ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಪತ್ರ ಬರೆಯುವ ಮೊದಲು ಹಳೆಯ ಕಡತ ತರಿಸಿದೆ. ನನಗಿಂತ ಹಿಂದೆ ಅಲ್ಲಿದ್ದವರು ಬರೆದ ಪತ್ರಗಳು ಅದರಲ್ಲಿದ್ದವು. ಒಳ್ಳೆಯ ಪತ್ರಗಳು. ರೋಗಿಗಳ ಸಂಕಟ, ಸಮಾಜದ ತಿರಸ್ಕಾರ, ಮನೆಯವರ ಗೋಳು, ಎಲ್ಲವೂ ಮನ ಮುಟ್ಟುವಂತಿದ್ದವು. ಕೊನೆಯಲ್ಲಿ ಬೇಡಿಕೆ: ಸುಸಜ್ಜಿತ ಮನೋರೋಗ ವಿಭಾಗ, ಹತ್ತು ಹಾಸಿಗೆಯ ವಾರ್ಡು, ಇಬ್ಬರು ಮನಶ್ಶಾಸ್ತ್ರಜ್ಞರು, ನಾಲ್ವರು ನರ್ಸುಗಳು. ಪ್ರತಿ ಪತ್ರದ ಅಂಚಿನಲ್ಲೂ ಹಸಿರು ಶಾಯಿಯಲ್ಲಿ 'ಪರಿಶೀಲಿಸಿ ಮಂಡಿಸಿ' ಎಂದಿತ್ತು. ಅದರ ಹಿಂದೆಯೇ ಮೇಲಿನ ಕಚೇರಿಗೆ ರವಾನಿಸಿದ ಪ್ರತಿ. ಅದರ ಹಿಂದೆ ಏನೂ ಇರಲಿಲ್ಲ.

ಆ ಕಡತವನ್ನು ನನ್ನ ಕೈಗಿತ್ತವರು ಕಚೇರಿ ಅಧೀಕ್ಷಕರು. ನಿವೃತ್ತಿಗೆ ಹತ್ತಿರವಾಗಿದ್ದ, ಎಲೆ-ಅಡಿಕೆ ಹಾಕುವ, ಯಾವ ಆದೇಶ ಯಾವ ಇಸವಿಯದೆಂದು ಬಾಯಲ್ಲೇ ಹೇಳಬಲ್ಲ ಮನುಷ್ಯ. ನಾನು ಓದಿ ಮುಗಿಸುವವರೆಗೆ ಕಾದು ಹೇಳಿದರು: "ಡಾಕ್ಟ್ರ, ಈ ಪತ್ರ ಓದಿದ್ರ ಕಣ್ಣಾಗ ನೀರು ಬರ್ತಾವ್ರಿ. ಆದ್ರ ಸಹಿ ಬರಂಗಿಲ್ಲ."

"ಯಾಕ್ರೀ?"

"ಹುದ್ದೆ ಮಂಜೂರು ಮಾಡೋದು ಇಲ್ಲಿ ಸಾಹೇಬ್ರ ಕೈಯಾಗ ಐತೇನ್ರಿ? ಅದು ಬೆಂಗಳೂರಾಗ, ಹಣಕಾಸು ಇಲಾಖಿಯಾಗ. ಕೈಯಾಗ ಇಲ್ಲದ್ದು ಕೇಳಿದ್ರ ಅವರೇನ್ ಮಾಡ್ತಾರ? ಮ್ಯಾಲಕ ಕಳಸ್ತಾರ. ಮ್ಯಾಲ ಹೋದದ್ದು ಮ್ಯಾಲ ಇರ್ತೈತಿ. ನೀವು ಅವರ ಪೆನ್ನಿಗೆ ನಿಲುಕೋದಷ್ಟು ಕೇಳ್ರಿ."

ಆ ಮಾತನ್ನೇ ಹಿಡಿದು ಪತ್ರವನ್ನು ಮೂರು ಭಾಗ ಮಾಡಿದೆ. ಮೊದಲನೆಯದರಲ್ಲಿ ಜಿಲ್ಲಾ ಶಸ್ತ್ರಚಿಕಿತ್ಸಕರು ತಮ್ಮೊಂದು ಕಚೇರಿ ಆದೇಶದಿಂದ ಇಂದೇ ಮಾಡಬಹುದಾದದ್ದು: ಕೋಣೆ, ದಿನ, ಇರುವ ಸಿಬ್ಬಂದಿಯಲ್ಲಿ ಒಬ್ಬರ ನಿಯೋಜನೆ, ಔಷಧಿ ಕೊಡುವ ಅವಧಿ. ಎರಡನೆಯದರಲ್ಲಿ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಒಪ್ಪಿಗೆ ಪಡೆದು ಸ್ಥಳೀಯ ನಿಧಿಯಿಂದ ಮಾಡಬಹುದಾದದ್ದು: ಬಾಗಿಲು, ಬೆಂಚು, ಬೀರು, ಮುದ್ರಿತ ಕಾರ್ಡು. ಮೂರನೆಯದರಲ್ಲಿ ಸರ್ಕಾರಕ್ಕೆ ಬರೆಯಬೇಕಾದದ್ದು: ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಹುದ್ದೆ. ವಾರ್ಡಿನ ಮಾತನ್ನು ಬೇಕೆಂದೇ ಬಿಟ್ಟೆ. ಹಾಸಿಗೆ ಎಂಬ ಶಬ್ದ ಬಂದರೆ ರಾತ್ರಿ ಪಾಳಿಯ ನರ್ಸು, ಕಾವಲು, ಊಟ, ಎಲ್ಲವೂ ಬರುತ್ತವೆ. ಆಗ ಇಡೀ ಕಡತವೇ ಊರು ಬಿಡುತ್ತದೆ. ಮೂರನೆಯ ಭಾಗಕ್ಕೆ ಬೇರೆ ಪತ್ರವನ್ನೇ ಮಾಡಿ ಎಂದರು ಅಧೀಕ್ಷಕರು. ಒಂದೇ ಕಾಗದದಲ್ಲಿದ್ದರೆ ಆಗದ ಕೆಲಸದ ಜೊತೆಗೆ ಆಗುವ ಕೆಲಸವೂ ಬಸ್ಸು ಹತ್ತುತ್ತದೆ.

ಸಿಬ್ಬಂದಿ ಯಾಕೆ ಬೇಕೆಂಬುದನ್ನು ಕರುಣೆಯ ಮಾತಿನಲ್ಲಿ ಹೇಳುವ ಬದಲು ಗಡಿಯಾರದ ಲೆಕ್ಕದಲ್ಲಿ ಹೇಳಿದೆ. ಬೆಳಗಿನ ಹೊರರೋಗಿ ವಿಭಾಗ 9ರಿಂದ 1ರವರೆಗೆ, ಅಂದರೆ 240 ನಿಮಿಷ. ಹೊಸ ರೋಗಿಯೊಬ್ಬರಿಗೆ ಕನಿಷ್ಠ 40 ನಿಮಿಷ ಬೇಕು. ಅದರಲ್ಲಿ ಸುಮಾರು ಅರ್ಧ ಮನೆಯವರಿಂದ ಹಿನ್ನೆಲೆ ತಿಳಿಯುವುದಕ್ಕೇ ಹೋಗುತ್ತದೆ: ಯಾವಾಗ ಶುರುವಾಯಿತು, ಮನೆತನದಲ್ಲಿ ಯಾರಿಗಾದರೂ ಇತ್ತೇ, ಕುಡಿತವಿದೆಯೇ, ಫಿಟ್ಸ್ ಬಂದಿತ್ತೇ, ಎಲ್ಲೆಲ್ಲಿ ತೋರಿಸಿದಿರಿ, ಯಾವ ದೇವರಿಗೆ ಹೋಗಿದ್ದಿರಿ. ಹಳೆಯ ರೋಗಿಗೆ 8 ನಿಮಿಷ. ಬೆಳಗ್ಗೆ ನಾಲ್ಕು ಹೊಸಬರು ಬಂದರೆ 160 ನಿಮಿಷ ಹೋಯಿತು. ಉಳಿದ 80ರಲ್ಲಿ ಹತ್ತು ಹಳಬರು. ಒಟ್ಟು ಹದಿನಾಲ್ಕು ಜನ. ಇದು ಒಬ್ಬನೇ ಡಾಕ್ಟರು ಕೂತಾಗಿನ ಲೆಕ್ಕ.

ಇನ್ನು ಅದೇ ಡಾಕ್ಟರ ಜೊತೆ ಒಬ್ಬ ನರ್ಸು, ಒಬ್ಬ ಸಮಾಜ ಕಾರ್ಯಕರ್ತರು ಇದ್ದರೆಂದು ಇಟ್ಟುಕೊಳ್ಳಿ. ಮನೆಯವರ ಹಿನ್ನೆಲೆಯನ್ನು ಸಮಾಜ ಕಾರ್ಯಕರ್ತರು ಪಕ್ಕದ ಕೋಣೆಯಲ್ಲಿ ಬರೆದುಕೊಳ್ಳುತ್ತಾರೆ. ತೂಕ, ಬಿ.ಪಿ., ಉಳಿದ ಮಾತ್ರೆ ಎಷ್ಟು, ಕೈ ನಡುಕ ಇದೆಯೇ, ಇಂಜೆಕ್ಷನ್ ಎಂದಿನದು, ಇವನ್ನು ನರ್ಸು ಕಾರ್ಡಿನ ಮೇಲೆ ಬರೆದೇ ಒಳಗೆ ಕಳಿಸುತ್ತಾರೆ. ಆಗ ಹೊಸಬರಿಗೆ ಡಾಕ್ಟರ 20 ನಿಮಿಷ ಸಾಕು. ನಾಲ್ವರಿಗೆ 80. ಉಳಿದ 160 ನಿಮಿಷದಲ್ಲಿ, ತಲಾ ಐದರಂತೆ, 32 ಹಳಬರು. ಒಟ್ಟು 36. ಡಾಕ್ಟರು ಅವನೇ, ಗಡಿಯಾರ ಅದೇ, 14ರ ಜಾಗದಲ್ಲಿ 36. ಈ ಎರಡು ಸಾಲನ್ನು ಕೋಷ್ಟಕ ಮಾಡಿ ಪತ್ರದ ಮೊದಲ ಪುಟಕ್ಕೇ ಹಾಕಿದೆ. ಆಡಳಿತಗಾರರು ಇಡೀ ಪತ್ರ ಓದುವುದಿಲ್ಲ, ಕೋಷ್ಟಕ ನೋಡುತ್ತಾರೆ. ಅವರನ್ನು ದೂರುವುದಕ್ಕೆ ಹೇಳುತ್ತಿಲ್ಲ. ದಿನಕ್ಕೆ ಅವರ ಮೇಜಿಗೆ ಬರುವ ಕಾಗದದ ರಾಶಿಯನ್ನು ಕಂಡವನಾಗಿ ಹೇಳುತ್ತಿದ್ದೇನೆ.

ನರ್ಸು ಯಾಕೆ ಅದೇ ನರ್ಸಾಗಿರಬೇಕು ಎಂಬುದಕ್ಕೆ ಕೋಷ್ಟಕ ಸಾಲದಾಗಿತ್ತು. ಅಲ್ಲೊಂದು ಪ್ರಕರಣ ಬರೆದೆ, ಹೆಸರಿಲ್ಲದೆ, ಊರಿಲ್ಲದೆ. ಗೌಂಡಿ ಕೆಲಸದ ಒಬ್ಬ ಯುವಕ. ಸ್ಕಿಜೋಫ್ರೇನಿಯಾ. ಮಾತ್ರೆಯಲ್ಲಿ ವಿಷ ಬೆರೆಸಿದ್ದಾರೆಂಬ ಅನುಮಾನ ಅವನ ಕಾಯಿಲೆಯ ಭಾಗವೇ ಆಗಿದ್ದರಿಂದ ಮನೆಯಲ್ಲಿ ಮಾತ್ರೆ ನುಂಗಿಸುವುದು ಆಗದ ಮಾತು. ಅಂಥವರಿಗೆ ಫ್ಲುಫೆನಜಿನ್ ಡೆಕನೊಯೇಟ್ ಎಂಬ ಇಂಜೆಕ್ಷನ್ ಇದೆ. ಎಳ್ಳೆಣ್ಣೆಯಲ್ಲಿ ಕರಗಿಸಿದ ಔಷಧಿ. ಪೃಷ್ಠದ ಸ್ನಾಯುವಿನೊಳಗೆ ಆಳವಾಗಿ ಕೊಟ್ಟರೆ ಅಲ್ಲೇ ನಿಂತು ವಾರಗಟ್ಟಲೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಅವನಿಗೆ 25 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ. ಇದರಿಂದ ಅವನು ಮತ್ತೆ ಕರಣೆ ಹಿಡಿದಿದ್ದ.

ಇಂಜೆಕ್ಷನ್ ದಿನವೊಂದರಂದು ನಾನು ಸೆಷನ್ಸ್ ಕೋರ್ಟಿನಲ್ಲಿದ್ದೆ. ಅವನೂ ಅವನ ತಾಯಿಯೂ ಇಂಜೆಕ್ಷನ್ ಕೋಣೆಗೆ ಹೋದರು. ಅಂದು ಪಾಳಿಯಲ್ಲಿದ್ದ ನರ್ಸು ಆ ಔಷಧಿಯನ್ನು ಹಿಂದೆ ಕೊಟ್ಟವರಲ್ಲ. ಅದಕ್ಕೆ ದಪ್ಪನೆಯ ಸೂಜಿ ಬೇಕು, 21 ಗೇಜಿನದು. ಸಿರಿಂಜು ಪೂರಾ ಒಣಗಿರಬೇಕು, ನೀರಿನಂಶವಿದ್ದರೆ ಎಣ್ಣೆ ಮಬ್ಬಾಗುತ್ತದೆ. ಕೊಟ್ಟ ಮೇಲೆ ಕೆಲವರಿಗೆ ಕತ್ತು ಒಂದು ಕಡೆಗೆ ಸೆಟೆಯುತ್ತದೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುತ್ತದೆ. ಪ್ರೊಮೆಥಜಿನ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ಸಡಿಲಾಗುತ್ತದೆ. ಆದರೆ ಅದು ಗೊತ್ತಿಲ್ಲದವರಿಗೆ ಗಾಬರಿ, ಊರಿನವರಿಗೆ ದೆವ್ವ ಹೊರಳಿ ಬಂತೆಂಬ ಖಾತ್ರಿ. ಲಿಖಿತ ಸೂಚನೆಯಿಲ್ಲದೆ ಕೊಡಲಾರೆ, ನಾಳೆ ಬನ್ನಿ ಎಂದರು ಆ ನರ್ಸು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಹೇಳುತ್ತಿದ್ದರು. ನಾಳೆ ಎಂದರೆ ಮತ್ತೆ ಬಸ್ಸಿನ ಚಾರ್ಜು, ಇಬ್ಬರ ಕೂಲಿ. ಅವರು ಬರಲಿಲ್ಲ.

ಈ ಔಷಧಿಯ ಒಂದು ಗುಣವೇ ಇಲ್ಲಿ ಮೋಸ ಮಾಡುತ್ತದೆ. ತಪ್ಪಿಸಿದ ಮರುದಿನ ಏನೂ ಆಗುವುದಿಲ್ಲ. ಸ್ನಾಯುವಿನಲ್ಲಿ ಉಳಿದದ್ದು ಇನ್ನೂ ಇಳಿಯುತ್ತಿರುತ್ತದೆ. ಸೂಜಿಯಿಲ್ಲದೆಯೂ ಹುಡುಗ ಚೆನ್ನಾಗಿದ್ದಾನಲ್ಲ ಎಂದು ಮನೆಯವರು ನೆಮ್ಮದಿಯಾಗುತ್ತಾರೆ. ಒಂದೆರಡು ತಿಂಗಳಿಗೆ ನಿದ್ದೆ ಕೆಡುತ್ತದೆ, ಆಮೇಲೆ ಅನುಮಾನ, ಆಮೇಲೆ ಕೂಗಾಟ. ಅವನನ್ನು ಟೆಂಪೋದಲ್ಲಿ ಹಗ್ಗ ಕಟ್ಟಿ ತಂದರು. ನಮ್ಮಲ್ಲಿ ಇರಿಸಿಕೊಳ್ಳುವ ವ್ಯವಸ್ಥೆಯಿಲ್ಲದೆ ಧಾರವಾಡದ ಮಾನಸಿಕ ಆಸ್ಪತ್ರೆಗೆ ಕಳಿಸಬೇಕಾಯಿತು. ಪತ್ರದಲ್ಲಿ ನಾನು ಹಗ್ಗದ ಮಾತು ಬರೆಯಲಿಲ್ಲ. ಆಂಬುಲೆನ್ಸು ಇಡೀ ದಿನ ಜಿಲ್ಲೆಯ ಹೊರಗಿತ್ತು, ಒಬ್ಬ ಪೊಲೀಸು, ಒಬ್ಬ ನರ್ಸು, ಒಬ್ಬ ಗ್ರೂಪ್ ಡಿ ನೌಕರ ಅದರ ಜೊತೆ ಹೋಗಬೇಕಾಯಿತು, ಇದರ ಮೂಲ ಕಾರಣ ಅಂದು ಕೊಡದೆ ಉಳಿದ ಒಂದು ಆಂಪೂಲ್ ಎಂದಷ್ಟೇ ಬರೆದೆ. ಕೆಳಗೆ ಬೇಡಿಕೆ: ತರಬೇತಾದ ಒಬ್ಬ ಶುಶ್ರೂಷಕರನ್ನು ಕ್ಲಿನಿಕ್ಕಿಗೆ ನಿಯೋಜಿಸಬೇಕು, ಕನಿಷ್ಠ ಎರಡು ವರ್ಷ ಪಾಳಿ ಬದಲಾವಣೆಯಿಂದ ಅವರಿಗೆ ವಿನಾಯಿತಿ ಕೊಡಬೇಕು, ಮನೋವೈದ್ಯ ಇಲ್ಲದ ದಿನವೂ ಕಾರ್ಡಿನಲ್ಲಿರುವ ಇಂಜೆಕ್ಷನ್ ಕೊಡಲು ಲಿಖಿತ ಅನುಮತಿ ಇರಬೇಕು.

ಕೋಣೆಯ ವಿಷಯದಲ್ಲಿ ಎಷ್ಟು ಚದರಡಿ ಎಂಬುದಕ್ಕಿಂತ ಬಾಗಿಲು ಮುಖ್ಯ. ಪರದೆಯ ಹಿಂದೆ ಅತ್ತೆಯ ಪಕ್ಕದಲ್ಲಿ ಕೂತ ಸೊಸೆ ಏನು ಕೇಳಿದರೂ 'ಹೂಂರಿ' ಎನ್ನುತ್ತಾಳೆ. ಸಾಯಬೇಕು ಅನಿಸುತ್ತದೆಯೇ ಎಂಬ ಪ್ರಶ್ನೆಯನ್ನು ನಾವು ಪ್ರತಿ ಖಿನ್ನತೆಯ ರೋಗಿಗೂ ಕೇಳಲೇಬೇಕು. ಅದಕ್ಕೆ ನಿಜವಾದ ಉತ್ತರ ಬರುವುದು ಬಾಗಿಲು ಮುಚ್ಚಿದ ಮೇಲೆ, ಅತ್ತೆಯನ್ನು ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಮಾತಿಗೆ ಕೂರಿಸಿಕೊಂಡ ಮೇಲೆ. ಅದಕ್ಕಾಗಿ ಒಂದಕ್ಕೊಂದು ತಗುಲಿದ ಎರಡು ಕೋಣೆ ಕೇಳಿದೆ, ಒಂದು ದೊಡ್ಡದು, ಒಂದು ಚಿಕ್ಕದು. ನೆಲಮಾಳಿಗೆಯೂ ಬೇಡ, ಮೇಲಂತಸ್ತೂ ಬೇಡ. ಔಷಧಿ ಕೊಡುವ ಕಿಟಕಿಗೆ ಹತ್ತಿರವಿರಲಿ, ತುರ್ತು ಚಿಕಿತ್ಸೆಯ ಬಾಗಿಲಿಗೆ ದೂರವಿರಲಿ. ಅಲ್ಲಿ ಅಪಘಾತದ ಹೆಣ ಬಂದಾಗ ಏಳುವ ಗೋಳಾಟದ ಎದುರು ಭಯದ ರೋಗಿಯನ್ನು ಬೆಂಚಿನ ಮೇಲೆ ಕೂರಿಸುವಂತಿಲ್ಲ. ಡಾಕ್ಟರ ಕುರ್ಚಿ ಬಾಗಿಲ ಕಡೆಗಿರಬೇಕು, ರೋಗಿ ಉದ್ರಿಕ್ತನಾದರೆ ಇಬ್ಬರಿಗೂ ದಾರಿ ಸಿಗುವಂತೆ. ಅಧೀಕ್ಷಕರು ಇದನ್ನೆಲ್ಲ ಓದಿ, "ಯಾವ ಕೋಣಿ ಅಂತ ಬರೀರಿ" ಎಂದರು. "ಕೋಣಿ ಬೇಕು ಅಂದ್ರ 'ಖಾಲಿ ಇಲ್ಲ' ಅಂತ ಟಿಪ್ಪಣಿ ಬರ್ತೈತಿ. ಇಂಥಾ ಕೋಣಿ, ಅದರಾಗಿನ ಸಾಮಾನು ಇಂಥಾ ಕಡೆ ಹೋಗ್ತಾವು ಅಂದ್ರ, ಹೌದು-ಅಲ್ಲ ಅನ್ನಲೇಬೇಕಲ್ರಿ." ಒಂದು ಸಂಜೆ ಇಬ್ಬರೂ ಆಸ್ಪತ್ರೆಯೆಲ್ಲ ತಿರುಗಿದೆವು. ಎಕ್ಸ್‌ರೇ ವಿಭಾಗದ ಪಕ್ಕ ಮುರಿದ ಕಾಟುಗಳೂ ಹಳೆಯ ರಿಜಿಸ್ಟರುಗಳೂ ತುಂಬಿದ್ದ ಎರಡು ಉಗ್ರಾಣ ಕೋಣೆ ಕಂಡವು. ಕಾಟುಗಳನ್ನು ಗುಜರಿಯಾಗಿ ಹರಾಜು ಹಾಕಲು ಹಿಂದೆಯೇ ಒಪ್ಪಿಗೆ ಸಿಕ್ಕಿತ್ತಂತೆ, ಹಾಕಿರಲಿಲ್ಲ ಅಷ್ಟೆ. ಆ ಒಪ್ಪಿಗೆಯ ಸಂಖ್ಯೆಯನ್ನೇ ಪತ್ರದ ಉಲ್ಲೇಖದಲ್ಲಿ ಸೇರಿಸಿದೆವು.

ಇಡೀ ಪತ್ರದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಪ್ಯಾರಾಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಔಷಧಿ ಕಿಟಕಿಯಲ್ಲಿ ಎಲ್ಲರಿಗೂ ಐದು ದಿನದ ಮಾತ್ರೆ ಕೊಡುವ ರೂಢಿಯಿತ್ತು. ಜ್ವರಕ್ಕೆ ಐದು ದಿನ ಸಾಕು. ಬೈಪೋಲಾರ್ ಕಾಯಿಲೆಯವನು ಐದು ದಿನಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಬರಲಾರ. ಎರಡು ಸಲ ಬಂದು ಮೂರನೆಯ ಸಲ ನಿಲ್ಲಿಸುತ್ತಾನೆ. ನಾವು ಅವನಿಗೆ 'ಫಾಲೋಅಪ್ ಇಲ್ಲ' ಎಂದು ಬರೆಯುತ್ತೇವೆ. ಮನೋವೈದ್ಯರ ಸಹಿಯಿರುವ ಚೀಟಿಗೆ 30 ದಿನದ ಔಷಧಿ ಕೊಡಲು ಅನುಮತಿ ಬೇಕೆಂದೆ. ಫಾರ್ಮಸಿಯವರ ಅಡ್ಡಿ ನ್ಯಾಯವಾದದ್ದೇ: ವರ್ಷದ ಇಂಡೆಂಟು ಅಷ್ಟಿಲ್ಲ, ಮಾರ್ಚಿನೊಳಗೆ ಖಾಲಿಯಾಗುತ್ತದೆ. ಅದಕ್ಕೂ ಲೆಕ್ಕ ಜೋಡಿಸಿದೆ. ರಿಸ್ಪೆರಿಡೋನ್ 2 ಮಿಲಿಗ್ರಾಂ ದಿನಕ್ಕೆರಡು ಮಾತ್ರೆಯಂತೆ 60 ರೋಗಿಗಳಿಗೆ ತಿಂಗಳಿಗೆ 3,600. ವರ್ಷಕ್ಕೆ 43,200. ಸರಬರಾಜು ತಡವಾದರೆಂದು ಮೂರು ತಿಂಗಳ ಕಾಪುದಾಸ್ತಾನು 10,800. ಹೀಗೇ ಒಂದೊಂದು ಔಷಧಿಗೂ. ಲೀಥಿಯಂ ಬರೆದಲ್ಲಿ ಮಾತ್ರ ಒಂದು ಮಿತಿ ಹೇಳಬೇಕಾಯಿತು. ರಕ್ತದಲ್ಲಿ ಅದು ಲೀಟರಿಗೆ ಸುಮಾರು 0.6ರಿಂದ 1.2 ಮಿಲಿಮೋಲ್ ಒಳಗಿದ್ದರೆ ಮದ್ದು, 1.5 ದಾಟಿದರೆ ನಂಜು. ವಾಂತಿ-ಭೇದಿಯಾಗಿ ನೀರು ಕಳೆದುಕೊಂಡರೂ ಮಟ್ಟ ಏರಿಬಿಡುತ್ತದೆ. ಆ ಪರೀಕ್ಷೆ ನಮ್ಮ ಪ್ರಯೋಗಾಲಯದಲ್ಲಿರಲಿಲ್ಲ. ಪರೀಕ್ಷೆ ಬರುವವರೆಗೆ ಲೀಥಿಯಂ ಬೇಡ, ವಾಲ್ಪ್ರೊಯೇಟ್ ಕೊಡಿ ಎಂದು ನಾನೇ ಇಂಡೆಂಟಿನಿಂದ ತೆಗೆದೆ. ಕೇಳಿದ್ದರಲ್ಲಿ ಒಂದನ್ನು ತಾನಾಗಿ ಕೈಬಿಟ್ಟವನ ಉಳಿದ ಬೇಡಿಕೆಗಳಿಗೆ ತೂಕ ಬರುತ್ತದೆಂದು ಆಮೇಲೆ ತಿಳಿಯಿತು.

ದಿನದ ಆಯ್ಕೆಯಲ್ಲಿ ಊರು ಕಲಿಸಿತು. ನಾನು ಸೋಮವಾರ ಎಂದು ಬರೆಯುವವನಿದ್ದೆ. ಸಂತೆಯ ದಿನ ಇಡಿ ಎಂದವರು ಇಂಜೆಕ್ಷನ್ ಕೋಣೆಯ ಹಿರಿಯ ಸಿಸ್ಟರು. ಸಂತೆಯ ದಿನ ಹಳ್ಳಿಗಳಿಂದ ಬಸ್ಸು, ಟಂಟಂ ಜಾಸ್ತಿ. ಅದಕ್ಕಿಂತ ದೊಡ್ಡ ಕಾರಣ, ಎಲ್ಲಿಗೆ ಹೊರಟಿರಿ ಎಂದು ಓಣಿಯಲ್ಲಿ ಕೇಳಿದರೆ ಸಂತೆಗೆ ಎಂದರಾಯಿತು. ಅಮಾವಾಸ್ಯೆ ಸಂತೆಯ ದಿನವೇ ಬಿದ್ದರೆ ಮಾತ್ರ ಬೆಂಚು ಖಾಲಿ, ಅಂದು ಎಲ್ಲರೂ ದರ್ಗಾಕ್ಕೋ ಗುಡಿಗೋ ಹೋಗಿರುತ್ತಾರೆ. ಅಂಥ ವಾರಗಳಲ್ಲಿ ಮರುದಿನವೂ ಕ್ಲಿನಿಕ್ ಇರುತ್ತದೆಂದು ಕಾರ್ಡಿನ ಮೇಲೇ ಅಚ್ಚು ಹಾಕಿಸಿದೆವು. ಗುಡಿಗೆ ಹೋಗಬೇಡಿ ಎಂದು ನಾನೆಂದೂ ಹೇಳಲಿಲ್ಲ. ಮಾತ್ರೆ ಜೊತೆಗಿರಲಿ ಎಂದೆ.

ಪತ್ರಕ್ಕೆ ಸಿಕ್ಕಿದ್ದೆಷ್ಟು? ಮೊದಲ ಭಾಗ ಬಹುತೇಕ ಪೂರ್ತಿ. ಉಗ್ರಾಣದ ಕೋಣೆಗಳು, ಸಂತೆಯ ದಿನ, 30 ದಿನದ ಔಷಧಿ, ಇವಕ್ಕೆ ಒಂದೇ ಆದೇಶ. ನರ್ಸು ಸಿಕ್ಕರು, ಪಾಳಿ ವಿನಾಯಿತಿ ಎರಡು ವರ್ಷದ ಬದಲು ಆರು ತಿಂಗಳಿಗೆ ಇಳಿಯಿತು. ಶುಶ್ರೂಷಾ ಅಧೀಕ್ಷಕಿಯ ಬಳಿಯೂ ಹೆರಿಗೆ ವಾರ್ಡಿಗೆ ಕೈ ಸಾಲುತ್ತಿರಲಿಲ್ಲ. ಅವರ ರೋಸ್ಟರ್ ಹಾಳೆ ನೋಡಿದ ಮೇಲೆ ನಾನು ವಾದ ಬಿಟ್ಟು, ಬದಲಿಗೆ ಬರುವ ಪ್ರತಿಯೊಬ್ಬರಿಗೂ ಮೊದಲ ವಾರ ಹಳಬರ ಜೊತೆ ಕೂರುವ ಕ್ರಮ ಕೇಳಿ ಪಡೆದೆ. ಸಮಾಜ ಕಾರ್ಯಕರ್ತರ ಹುದ್ದೆಯ ಪತ್ರ ಮೇಲಕ್ಕೆ ಹೋಗಿ ಮೇಲೇ ಉಳಿಯಿತು. ಕಾರ್ಯಕ್ರಮದ ಹಣ ಜಿಲ್ಲೆಗೆ ಬಂದ ಮೇಲೆ ಗುತ್ತಿಗೆಯಲ್ಲಿ ಒಬ್ಬರು ಬಂದರು. ಅಲ್ಲಿಯವರೆಗೆ ಕೋಷ್ಟಕದ 36 ಎಂಬ ಅಂಕಿ ಕಾಗದದಲ್ಲೇ ಇತ್ತು. ನಾವು ಮಧ್ಯಾಹ್ನ ಊಟ ತಡ ಮಾಡಿಕೊಂಡು ಹೇಗೋ ಅದರ ಸಮೀಪಕ್ಕೆ ಬರುತ್ತಿದ್ದೆವು.

ಕ್ಲಿನಿಕ್ಕು ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಹೊಸ ರೋಗಿಗಳ ಸಂಖ್ಯೆ ನೋಡುತ್ತಿರಲಿಲ್ಲ. ಹೊಸಬರು ಹೆಚ್ಚಾಗಿ ಹಳಬರು ಮರಳದಿದ್ದರೆ ಅದು ಬರೀ ಜಾತ್ರೆ. ನರ್ಸು ಇಟ್ಟ ರಿಜಿಸ್ಟರಿನಲ್ಲಿ ಒಂದು ಅಂಕಣ 'ಬರಬೇಕಾದ ದಿನ', ಪಕ್ಕದ್ದು 'ಬಂದ ದಿನ'. ಎರಡನೆಯದು ಖಾಲಿ ಉಳಿದು ಎರಡು ವಾರವಾದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಫೋನು. ಕಾಯಿಲೆಯ ಹೆಸರು ಹೇಳುವಂತಿಲ್ಲ, 'ಆಸ್ಪತ್ರೆಯ ಕಾರ್ಡು ತೋರಿಸಲು ಬರಬೇಕಂತೆ' ಎಂದಷ್ಟೇ. ಬಹಳ ಮಂದಿಯ ಕಾರಣ ಸಣ್ಣದಿರುತ್ತಿತ್ತು: ಸುಗ್ಗಿ, ಜೊತೆಗೆ ಬರಲು ಆಳಿಲ್ಲ, ಕೈ ನಡುಗುತ್ತದೆಂದು ತಾನೇ ನಿಲ್ಲಿಸಿದ. ಸಣ್ಣ ಕಾರಣಗಳನ್ನು ಆ ವಾರವೇ ಹಿಡಿದರೆ ಧಾರವಾಡದ ದಾರಿ ತಪ್ಪುತ್ತಿತ್ತು.

ನಾನು ಮೊದಲ ಪತ್ರ ಬರೆದಾಗ ಜಾರಿಯಲ್ಲಿದ್ದದ್ದು 1987ರ ಕಾಯ್ದೆ. ಅದರ ಗಮನವೆಲ್ಲ ಮಾನಸಿಕ ಆಸ್ಪತ್ರೆಗೆ ಸೇರಿಸುವುದು, ಬಿಡುಗಡೆ ಮಾಡುವುದು, ಲೈಸೆನ್ಸು ಕೊಡುವುದರ ಮೇಲೆ. ನಮ್ಮಂಥ ಹೊರರೋಗಿ ಕೋಣೆಗೆ ಅದರಲ್ಲಿ ಹಿಡಿದು ನಿಲ್ಲುವಂಥ ಸಾಲು ಕಡಿಮೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ ಇಂಥ ಪತ್ರದ 'ಉಲ್ಲೇಖ' ಬದಲಾಗಿದೆ. ಅದರ 18ನೇ ಕಲಂ ಸರ್ಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಹಕ್ಕೆನ್ನುತ್ತದೆ. 21ನೇದು ದೇಹದ ಕಾಯಿಲೆಯವರಿಗೆ ಸಮನಾಗಿ ನೋಡಬೇಕೆನ್ನುತ್ತದೆ. 23ನೇದು ಗೋಪ್ಯತೆಯದು, ಪರದೆಯ ಬದಲು ಬಾಗಿಲು ಕೇಳಲು ಇದಕ್ಕಿಂತ ಬೇರೆ ಆಧಾರ ಬೇಡ. ಈಗ ಪತ್ರ ಬರೆಯುವ ಕಿರಿಯರು ನನ್ನ ಹಳೆಯ ಪ್ರತಿ ಕೇಳಿದಾಗ ಈ ಕಲಮುಗಳನ್ನು ಸೇರಿಸಿಕೊಳ್ಳಿ ಎನ್ನುತ್ತೇನೆ. ಆದರೆ ಕಲಂ ಉಲ್ಲೇಖದಲ್ಲಿರಲಿ, ಕೋಣೆಯ ಸಂಖ್ಯೆ ಬೇಡಿಕೆಯಲ್ಲಿರಲಿ. ಬರೀ ಕಾನೂನು ತೋರಿಸಿದರೆ ಆಡಳಿತಗಾರರು ಉತ್ತರ ಬರೆಸುತ್ತಾರೆ, ಕೋಣೆ ತೆರೆಸುವುದಿಲ್ಲ.

ಕೆಲವು ವರ್ಷಗಳ ಮೇಲೆ ಹೊಸ ಜಿಲ್ಲಾ ಶಸ್ತ್ರಚಿಕಿತ್ಸಕರು ನಮ್ಮ ಕೋಣೆಗಳನ್ನು ಮರಳಿ ಕೇಳಿದರು. ಡಯಾಲಿಸಿಸ್ ಯಂತ್ರಗಳು ಬರುವುದಿದ್ದವು, ನೀರಿನ ಕೊಳವೆ ಆ ಗೋಡೆಯ ಹಿಂದೆಯೇ ಇತ್ತು. ಅವರ ರೋಗಿಗಳಿಗೂ ವಾರಕ್ಕೆ ಎರಡು ಮೂರು ಸಲ ಬರದೆ ಗತಿಯಿಲ್ಲ. ನನ್ನವರು ಹೆಚ್ಚು, ನಿಮ್ಮವರು ಕಡಿಮೆ ಎನ್ನುವ ಬಾಯಿ ನನಗಿರಲಿಲ್ಲ. ರಿಜಿಸ್ಟರನ್ನು ಅವರ ಮೇಜಿನ ಮೇಲಿಟ್ಟು ಮುಂದಿನ ಸಂತೆಯ ದಿನ 'ಬರಬೇಕಾದ' ಹೆಸರುಗಳ ಪುಟ ತೆರೆದು ತೋರಿಸಿದೆ. ಅವರು ಪಟ್ಟಿಯ ಮೇಲೆ ಬೆರಳಾಡಿಸಿ, "ಇಷ್ಟೂ ಜನ ಬರ್ತಾರೇನ್ರಿ?" ಎಂದು ಕೇಳಿದರು. ಸುಗ್ಗಿ ಇಲ್ಲದಿದ್ದರೆ ಬರುತ್ತಾರೆ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಕಟ್ಟಡದ ನಕ್ಷೆ ತರಿಸಿದರು. ದೊಡ್ಡ ಕೋಣೆ ಡಯಾಲಿಸಿಸ್‌ಗೆ ಹೋಯಿತು. ನಮಗೆ ಕಾರಿಡಾರಿನ ಕೊನೆಯಲ್ಲಿ ಅದಕ್ಕಿಂತ ಚಿಕ್ಕದೊಂದು ಬಂತು, ಪಕ್ಕದ ಕಿರುಕೋಣೆ ಉಳಿಯಿತು. ಹೊಸ ಆದೇಶದಲ್ಲಿ ಬರೆಸಿಕೊಂಡದ್ದು ಎರಡೇ ಷರತ್ತು: ಎರಡೂ ಕೋಣೆಗೆ ಮುಚ್ಚುವ ಬಾಗಿಲಿರಬೇಕು, ಮತ್ತು ಸ್ಥಳಾಂತರ ಸಂತೆಯ ದಿನ ಬಿಟ್ಟು ಬೇರೆ ದಿನ ಆಗಬೇಕು, ಒಂದು ವಾರವೂ ಕ್ಲಿನಿಕ್ ತಪ್ಪಬಾರದು.